ಪಾರ್ಲರ್ ತೆರೆಯುವ ಮೊದಲು: ತಿಂಗಳಿಗೆ ಎಷ್ಟು ಮಂದಿ ಬರಬೇಕು?

(ಸಂಘದ ಬೆಳ್ಳಿ ಹಬ್ಬದ ಅಂಗವಾಗಿ ಘೋಣಸಗಿಯಲ್ಲಿ ನಡೆದ ಮಹಿಳಾ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನನಗೆ ಇವತ್ತು ಕೊಟ್ಟ ವಿಷಯ ಕೇಳಿ ಹಿಂದೆ ಕುಂತ ನಾಲ್ಕು ಮಂದಿ ಗೆಳೆಯರು ನಗಲಿಕ್ಕೆ ಹತ್ಯಾರ. ದ್ರಾಕ್ಷಿ ಬೆಳೆಯೋ ಮನುಷ್ಯಾ ಬ್ಯೂಟಿ ಪಾರ್ಲರ್ ಬಗ್ಗೆ ಏನ್ ಮಾತಾಡ್ತಾನ ಅಂತ. ಹುಬ್ಬು ಹ್ಯಾಂಗ ಮಾಡಬೇಕು, ಫೇಶಿಯಲ್ ಹ್ಯಾಂಗ ಮಾಡಬೇಕು ಅನ್ನೋದು ನನಗ ಗೊತ್ತಿಲ್ಲ, ಅದನ್ನ ಕಲಿಸಾಕ ಬೇರೆಯವರು ಅದಾರ. 1982 ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಈಗ ಜಿಲ್ಲೆಗೊಂದರಂತೆ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳು ಇವೆ. ಅಲ್ಲಿ ಊಟ-ವಸತಿ ಸಹಿತ ಪುಕ್ಕಟೆಯಾಗಿ ಕಲಿಸುತ್ತಾರೆ. ನಾನು ಹೇಳೋದು ಕೈಕೆಲಸದ ಮಾತಲ್ಲ, ಲೆಕ್ಕದ ಮಾತು. ಬ್ಯಾಂಕಿನವರು ಇದಕ್ಕೆ ಬ್ರೇಕ್ ಈವನ್ ಪಾಯಿಂಟ್ ಅಂತಾರೆ. ನಮ್ಮ ಮಾತಿನಲ್ಲಿ ಹೇಳಬೇಕಂದ್ರ, ಹೋದ ರೊಕ್ಕಕ್ಕೂ ಬಂದ ರೊಕ್ಕಕ್ಕೂ ಸರಿ ಆಗುವ ಗಡಿ. ಆ ಗಡಿಯ ಈಚೆ ಇದ್ದರೆ ಮನೆಯಿಂದ ಹಾಕಬೇಕು, ಆಚೆ ಹೋದರೆ ಮನೆಗೆ ತರಬಹುದು.

ನಮ್ಮ ಸಂಘದ ಸದಸ್ಯರೊಬ್ಬರ ಸೊಸೆ ಈ ಕೆಲಸ ಕಲಿತಾಳ. ತರಬೇತಿ ಆದ ಮ್ಯಾಲ ವಿಜಯಪುರದ ಒಂದು ಪಾರ್ಲರಿನಲ್ಲಿ ಒಂದು ವರ್ಷ ದುಡಿದು ಬಂದಾಳ. ಊರಾಗ ಸ್ವಂತ ಅಂಗಡಿ ಹಾಕಬೇಕು ಅಂತ ಆಕಿಯ ವಿಚಾರ. ಮುದ್ರಾ ಸಾಲದ ಅರ್ಜಿ ತುಂಬಿಸಿಕೊಂಡು, ಅದಕ್ಕ ಹಚ್ಚೋ ಯೋಜನಾ ವರದಿ ತಗೊಂಡು ಸಂಘದ ಕಚೇರಿಗೆ ಬಂದಿದ್ದಳು. ಆ ವರದಿ ಯಾರೋ ರೊಕ್ಕ ತಗೊಂಡು ಟೈಪ್ ಮಾಡಿ ಕೊಟ್ಟದ್ದು. ಅದರ ಕಡೆಯ ಪುಟದಲ್ಲಿ ಬ್ರೇಕ್ ಈವನ್ ಅಂತ ಒಂದು ಶೇಕಡಾ ಬರೆದಿತ್ತು. "ಇದು ಎಷ್ಟು ಮಂದಿ ಬಂದಂಗ ಆತು ಯವ್ವಾ?" ಅಂತ ಕೇಳಿದೆ. "ಅದು ನನಗ ಗೊತ್ತಿಲ್ರಿ ಕಾಕಾರ, ಬ್ಯಾಂಕಿಗೆ ಬೇಕಂತ ಬರದಾರ" ಅಂದ್ಲು. ಬ್ಯಾಂಕಿಗೆ ಬೇಕಾದ್ದು ಕಾಗದ. ಕಂತು ಕಟ್ಟುವಾಕಿ ಈಕಿ. ಹಾಗಾಗಿ ಇಬ್ಬರೂ ಕುಂತು ಒಂದು ನೋಟಬುಕ್ಕಿನಾಗ ಲೆಕ್ಕ ಬರೆದ್ವಿ. ಆಕಿಯ ಒಪ್ಪಿಗೆ ತಗೊಂಡು ಹೆಸರು ಬಿಟ್ಟು ಆ ಲೆಕ್ಕವನ್ನೇ ಇವತ್ತು ನಿಮ್ಮ ಮುಂದೆ ಇಡ್ತೀನಿ. ರೇಟುಗಳೆಲ್ಲ ಆಕಿ ಹೇಳಿದ್ದು. ನಿಮ್ಮ ಅಂಗಡಿ ಬೇರೆ ಇದ್ದರೆ ಅಂಕಿ ಬೇರೆ ಆಗ್ತಾವ, ಲೆಕ್ಕದ ದಾರಿ ಬದಲಾಗೋದಿಲ್ಲ.

ಆಕಿಯ ಮೊದಲಿನ ವಿಚಾರ ಹೀಗಿತ್ತು. ಬಸ್ ನಿಲ್ಲುವ ಕಡೆ ಒಂದು ಮಳಿಗೆ, ಬಾಡಿಗೆ ತಿಂಗಳಿಗೆ 2,500 ರೂಪಾಯಿ. ಅದಕ್ಕೆ ಡಿಪಾಜಿಟ್ 15,000. ಮ್ಯಾಲ ಕೆಳಗ ಆಗೋ ಹೊಸ ಕುರ್ಚಿಗೆ 12,000. ಫೇಶಿಯಲ್ ಮಾಡೋ ಮಂಚ, ದೊಡ್ಡ ಕನ್ನಡಿ ಕೂಡಿ 16,000. ಸ್ಟೀಮರ್, ವ್ಯಾಕ್ಸ್ ಕಾಯಿಸುವ ಹೀಟರ್, ಕೂದಲ ಒಣಗಿಸುವ ಮಷಿನ್ನು, ಟ್ರಾಲಿ ಎಲ್ಲ ಕೂಡಿ 10,000. ಕರೆಂಟ್ ಹೋಗ್ತದಂತ ಇನ್ವರ್ಟರ್ ಬ್ಯಾಟರಿ 18,000. ಪರದೆ, ಬಣ್ಣ, ಬೋರ್ಡಿಗೆ 14,000. ಮೊದಲನೇ ಸಾಮಾನು 12,000. ಎಲ್ಲಾ ಕೂಡಿದರೆ 97,000. ಕೈಯಾಗ ಇರಲಿ ಅಂತ 23,000 ಸೇರಿಸಿ 1,20,000. ಅದರಾಗ ಸ್ವಂತ ಉಳಿತಾಯ 20,000, ಬ್ಯಾಂಕಿನ ಸಾಲ 1,00,000.

ವರ್ಷಕ್ಕೆ ಶೇಕಡಾ 12 ಬಡ್ಡಿ, 36 ಕಂತು ಅಂತ ಹಿಡಿದರೆ ತಿಂಗಳ ಕಂತು 3,321 ರೂಪಾಯಿ ಬರ್ತದ. ಆಕಿ ತಾನೇ ಮನಸಿನಾಗ ಒಂದು ಲೆಕ್ಕ ಮಾಡಿದ್ದಳು. ಬಾಡಿಗೆ 2,500, ಕಂತು 3,321, ಕೂಡಿದರ 5,821. ಒಬ್ಬ ಗಿರಾಕಿಯಿಂದ ಸರಾಸರಿ 92 ರೂಪಾಯಿ ಬರ್ತದ. ಭಾಗಿಸಿದರ 63 ಚಿಲ್ಲರೆ. ಅಂದರ ತಿಂಗಳಿಗೆ 64 ಮಂದಿ ಬಂದರ ಸಾಕು, ದಿನಕ್ಕ ಎರಡೂವರೆ ಮಂದಿ. "ಅಷ್ಟ ಬರೂದಿಲ್ಲೇನ್ರಿ ಕಾಕಾರ?" ಅಂತ ಆಕಿಯ ಪ್ರಶ್ನೆ. ಕೇಳಿದವರು ಯಾರಾದರೂ ಹೂಂ ಅಂತಾರ. ಆದರ ಈ ಲೆಕ್ಕದಾಗ ಎರಡು ಕಡೆ ಸೋರಿಕೆ ಇತ್ತು. ಬರೋ ರೊಕ್ಕದಾಗ ಒಂದು, ಹೋಗೋ ರೊಕ್ಕದಾಗ ಒಂದು.

ಮೊದಲು ಬರೋ ರೊಕ್ಕ ನೋಡೋಣ. ಹುಬ್ಬಿಗೆ 40 ರೂಪಾಯಿ ತಗೊಂಡರೆ ದಾರ, ಪೌಡರು, ಮ್ಯಾಲ ಹಚ್ಚೋ ಜೆಲ್ಲು ಕೂಡಿ 3 ರೂಪಾಯಿ ಖರ್ಚು. ಉಳಿಯೋದು 37. ಕೂದಲು ಕತ್ತರಿಸಲಿಕ್ಕೆ 100, ಖರ್ಚು 5, ಉಳಿಯೋದು 95. ಕೈಗೆ ವ್ಯಾಕ್ಸ್ ಮಾಡಲಿಕ್ಕೆ 200, ಅದರಾಗ ವ್ಯಾಕ್ಸು, ಪಟ್ಟಿ 60 ಹೋಗಿ 140. ಹಣ್ಣಿನ ಫೇಶಿಯಲ್ಲಿಗೆ 400, ಸಾಮಾನು 140 ಹೋಗಿ 260. ಈ ಉಳಿಯೋ ರೊಕ್ಕವೇ ಬಾಡಿಗೆ, ಕಂತು ಎಲ್ಲಾ ಹೊರಬೇಕು. ಗಿರಾಕಿ ಕೊಟ್ಟ ಪೂರಾ ರೊಕ್ಕ ಅಲ್ಲ. ದ್ರಾಕ್ಷಿ ಮಾರಿದ ಪಟ್ಟಿಯ ಮ್ಯಾಲಿನ ಮೊತ್ತ ಬ್ಯಾರೆ, ದಲಾಲಿ, ಹಮಾಲಿ, ಬಾಡಿಗಿ ಕಳೆದು ಕೈಗೆ ಬರೋದು ಬ್ಯಾರೆ ಅಂತ ನಮ್ಮ ಗಂಡಸರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಬಂದವರೆಲ್ಲ ಒಂದೇ ಕೆಲಸ ಮಾಡಿಸೋದಿಲ್ಲ. ಹಾಗಾಗಿ 100 ಮಂದಿ ಬಂದರೆ ಯಾರು ಏನು ಮಾಡಿಸ್ತಾರ ಅಂತ ಕೇಳಿದೆ. ಹಳ್ಳಿಯಾಗ 70 ಮಂದಿ ಬರೇ ಹುಬ್ಬು, 12 ಮಂದಿ ಕೂದಲು, 10 ಮಂದಿ ವ್ಯಾಕ್ಸು, 8 ಮಂದಿ ಫೇಶಿಯಲ್ಲು ಅಂತ ಆಕಿಯ ಅಂದಾಜು. ಈ ನೂರು ಮಂದಿಯಿಂದ ಗಲ್ಲೆಗೆ ಬೀಳೋದು 9,200 ರೂಪಾಯಿ. ಸಾಮಾನಿನ ಖರ್ಚು 1,990. ಉಳಿಯೋದು 7,210. ಒಬ್ಬರಿಗೆ 72 ರೂಪಾಯಿ 10 ಪೈಸೆ. ಆಕಿ ಹಿಡಿದ 92 ಅಲ್ಲ, 72. ಈ 72 ಅನ್ನೋ ಅಂಕಿಯನ್ನ ನೆನಪಿನಾಗ ಇಡ್ರಿ, ಮುಂದೆ ಎಲ್ಲಾ ಅದರ ಮ್ಯಾಲೆ ನಿಂತದ.

ಇನ್ನು ಹೋಗೋ ರೊಕ್ಕ. ಬಾಡಿಗೆ, ಕಂತು ಬಿಟ್ಟು ಇನ್ನೇನದ? ಲೈಟ್ ಬಿಲ್ಲು ಮತ್ತು ಫೋನು 900. ಇಲ್ಲಿ ಒಂದು ಮಾತು ಹೇಳಬೇಕು. 2023 ರಿಂದ ಬಂದ ಗೃಹಜ್ಯೋತಿ ಮನೆಯ ಮೀಟರಿಗೆ ಮಾತ್ರ. ಅಂಗಡಿ ಮೀಟರು ವಾಣಿಜ್ಯ ದರದ್ದು, ಒಂದು ಯುನಿಟ್ಟೂ ಪುಕ್ಕಟೆ ಇಲ್ಲ. ವಿಜಯಪುರಕ್ಕೆ ಸಾಮಾನು ತರಲಿಕ್ಕೆ ಹೋಗಿ ಬರೋದು, ಟವೆಲ್ ಒಗೆಯೋದು, ಸಣ್ಣಪುಟ್ಟ ರಿಪೇರಿ ಕೂಡಿ 600. ಇಲ್ಲಿಗೆ 7,321 ಆತು. ಗಿರಾಕಿ ಒಬ್ಬರೂ ಬರದಿದ್ದರೂ ಇಷ್ಟು ರೊಕ್ಕ ತಿಂಗಳು ತಿಂಗಳು ಹೋಗೇ ಹೋಗ್ತದ. ಇದನ್ನು 72.10 ರಿಂದ ಭಾಗಿಸಿದರೆ 102 ಮಂದಿ.

"ಇಷ್ಟ ಆತಲ್ರಿ, ಬರೀರಿ" ಅಂದ್ಲು. ನಾನು ಬರೀಲಿಲ್ಲ. "ನಿನ್ನ ಕೂಲಿ ಎಲ್ಲಿ?" ಅಂತ ಕೇಳಿದೆ. "ಸ್ವಂತ ಅಂಗಡಿಯಾಗ ನನಗ್ಯಾರು ಪಗಾರ ಕೊಡ್ತಾರ್ರಿ" ಅಂದ್ಲು. ಅಕ್ಕ-ತಂಗಿಯರೇ, ನಮ್ಮ ಹೆಣ್ಣುಮಕ್ಕಳ ಎಲ್ಲಾ ದಂಧೆಯಾಗ ಮರೆತುಹೋಗೋ ಬಾಬತ್ತು ಇದೇ. ಎಮ್ಮಿ ಸಾಕುವಾಗಲೂ ಹಿಂಗೇ ಮಾಡ್ತೀವಿ. ಹಿಂಡಿ, ಮೇವು ಬರಿತೀವಿ, ಹಿಂಡಿದ ಕೈ ಬರಿಯೋದಿಲ್ಲ. ಈಕಿ ಅಂಗಡಿ ಹಾಕದೇ ದ್ರಾಕ್ಷಿ ತೋಟಕ್ಕ ಹೋದರ ದಿನಕ್ಕ 300 ರೂಪಾಯಿ ಅಂತ ಹಿಡಿದ್ವಿ. ಸಾಲ ಇಲ್ಲ, ಚಿಂತಿ ಇಲ್ಲ, ಸಂಜಿಗೆ ಮನಿಗೆ. 26 ದಿನಕ್ಕ 7,800. ಅಂಗಡಿ ಈ ಕೂಲಿಯನ್ನಾದರೂ ಕೊಡಬೇಕಲ್ಲ? ಅದನ್ನ ಸೇರಿಸಿದರೆ ತಿಂಗಳ ಖರ್ಚು 15,121. ಭಾಗಿಸಿದರೆ 210 ಮಂದಿ. ದಿನಕ್ಕೆ ಎಂಟು ಮಂದಿ.

ಮನಸಿನಾಗ 64 ಇದ್ದದ್ದು ಕಾಗದದ ಮ್ಯಾಲೆ 210 ಆತು. ಅಂಗಡಿ ಅದೇ, ಊರು ಅದೇ, ರೇಟು ಅದೇ.

ಹಾಗಾದರೆ ಪ್ರತಿ ಅಂಗಡಿಗೆ ಗಡಿ ಒಂದಲ್ಲ, ಎರಡು. ಮೊದಲನೇದು ಅಂಗಡಿಯ ಗಡಿ, ಇಲ್ಲಿ 102. ಅದಕ್ಕಿಂತ ಕಡಿಮೆ ಬಂದರೆ ಕಂತಿಗೆ ಗಂಡನ ಕಿಸೆ ನೋಡಬೇಕು, ಇಲ್ಲಾ ಕಿವಿಯಾಗಿನ ಬಂಗಾರ ನೋಡಬೇಕು. ಎರಡನೇದು ದುಡಿಯೋಳ ಗಡಿ, ಇಲ್ಲಿ 210. ಎರಡರ ನಡುವೆ ಇದ್ದರೆ ಅಂಗಡಿ ಬದುಕ್ತದ, ಆದರೆ ಈಕಿ ಕಡಿಮೆ ಕೂಲಿಗೆ ದುಡಿತಾಳ ಅಂತ ಅರ್ಥ. ಅದು ತಪ್ಪಲ್ಲ. ತೋಟದಾಗ ಬಿಸಿಲಿಗೆ ನಿಲ್ಲೋದಕ್ಕಿಂತ ನೆರಳಾಗ ಸ್ವಂತ ಕೆಲಸ ಚಲೋ ಅಂತ ಆಕಿ ಅನ್ನಬಹುದು. ಆದರೆ ಎಷ್ಟು ಬಿಟ್ಟುಕೊಟ್ಟೆ ಅಂತ ತಿಳಿದು ಬಿಟ್ಟುಕೊಡಬೇಕು.

ಲೆಕ್ಕ ಬಲ್ಲ ಕೆಲವರು ಇಲ್ಲಿ ಒಂದು ಪ್ರಶ್ನೆ ಕೇಳಬಹುದು. ಆಡಿಟರ್ ಲೆಕ್ಕದಾಗ ಅಸಲು ಖರ್ಚಲ್ಲ, ಬಡ್ಡಿ ಮಾತ್ರ ಖರ್ಚು, ಅಸಲಿನ ಬದಲು ಸಾಮಾನಿನ ಸವಕಳಿ ಹಿಡೀಬೇಕು ಅಂತ. ಮಾತು ಖರೆ. ಆದರೆ ಕುರ್ಚಿ ಐದು ವರ್ಷ ಬಾಳಿದರೂ ಬ್ಯಾಂಕು ಮೂರೇ ವರ್ಷದಾಗ ರೊಕ್ಕ ಕೇಳ್ತದ. ಸಣ್ಣ ಅಂಗಡಿಗೆ ಅಂಜಿಕೆ ಇರೋದು ಆಡಿಟ್ ಪಟ್ಟಿಯಿಂದ ಅಲ್ಲ, ಪ್ರತಿ ತಿಂಗಳ ಕಂತಿನ ತಾರೀಖಿನಿಂದ. ಅದಕ್ಕೇ ಸಾಲ ಇರೋ ತನಕ ಪೂರಾ ಕಂತು ಹಿಡೀರಿ, ಸವಕಳಿ ಬ್ಯಾರೆ ಹಿಡೀಬ್ಯಾಡ್ರಿ, ಎರಡೂ ಹಿಡಿದರೆ ಒಂದೇ ಖರ್ಚು ಎರಡು ಸಲ ಬರೆದಂಗ ಆಗ್ತದ. ಸಾಲ ತೀರಿದ ಮ್ಯಾಲ ಮಾತ್ರ ಕಂತಿನ ಒಂದು ಪಾಲು ತೆಗೆದಿಡಬೇಕು. ಯಾಕಂದ್ರ ಅಷ್ಟೊತ್ತಿಗೆ ಕುರ್ಚಿಯ ಸೀಟು ಹರಿದಿರ್ತದ.

ಈಗ ಮುಖ್ಯ ಮಾತಿಗೆ ಬರ್ತೀನಿ. 210 ಬೇಕು ಅಂತ ತಿಳೀತು. ಊರಾಗ 210 ಅದಾರೋ ಇಲ್ಲೋ? ಇದಕ್ಕ ಉತ್ತರ ಬ್ಯಾಂಕಿನ ವರದಿಯಾಗ ಇರೋದಿಲ್ಲ, ಓಣಿಯಾಗ ಇರ್ತದ. ಹುಬ್ಬಿನ ಕೂದಲು ಮೂರು-ನಾಲ್ಕು ವಾರಕ್ಕ ಮತ್ತ ಬೆಳೀತದ. ಹಾಗಾಗಿ ರೂಢಿ ಇರೋ ಹೆಣ್ಣುಮಗಳು ತಿಂಗಳಿಗೊಮ್ಮೆ ಬರ್ತಾಳ. ರೂಢಿ ಇಲ್ಲದಾಕಿ ನಾಗರ ಪಂಚಮಿಗೆ, ದಸರಾ-ದೀಪಾವಳಿಗೆ, ಮನ್ಯಾಗಿನ ಮದುವಿಗೆ, ಜಾತ್ರಿಗೆ, ಹಿಂಗ ವರ್ಷಕ್ಕ ನಾಲ್ಕು ಸಲ ಬರ್ತಾಳ. ಅಂಥ ಮೂರು ಮಂದಿ ಕೂಡಿದರ ತಿಂಗಳಿಗೆ ಒಂದು ಸಲ ಬಂದಂಗ. ಈ ಎರಡು ಥರದವರನ್ನ ಬ್ಯಾರೆ ಬ್ಯಾರೆ ಎಣಿಸಬೇಕು.

ಆಕಿಗೆ ಒಂದು ಕೆಲಸ ಹಚ್ಚಿದೆ. ಎರಡು ವಾರ ಸಾಲದ ಮಾತು ಬಿಡು, ಓಣಿ ಓಣಿ ತಿರುಗು. ಆದರ "ನಾ ಪಾರ್ಲರ್ ಹಾಕಿದರ ಬರ್ತೀರೇನು?" ಅಂತ ಮಾತ್ರ ಕೇಳಬ್ಯಾಡ ಅಂದೆ. ಹಂಗ ಕೇಳಿದರ ಎಲ್ಲಾರೂ ಬರ್ತೀವಿ ಅಂತಾರ, ಮುಖದ ಮುಂದ ಇಲ್ಲ ಅನ್ನೋ ರೂಢಿ ನಮ್ಮೂರಾಗ ಇಲ್ಲ. "ಹೋದ ಸಲ ಯಾವಾಗ ಮಾಡಿಸಿದ್ರಿ? ಎಲ್ಲಿ ಮಾಡಿಸಿದ್ರಿ? ಎಷ್ಟು ಕೊಟ್ರಿ?" ಇಷ್ಟ ಕೇಳು. ಹಿಂದಿನ ತಿಂಗಳದಾಗ ತಿಕೋಟಾಕ್ಕೋ ವಿಜಯಪುರಕ್ಕೋ ಹೋಗಿ ಮಾಡಿಸಿದಾಕಿ ರೂಢಿಯಾಕಿ. ಹೋದ ಪಂಚಮಿಗೆ ಅಂದಾಕಿ ಹಬ್ಬದಾಕಿ. ನೆನಪ ಇಲ್ಲ ಅಂದಾಕಿನ್ನ ಎಣಿಸಬ್ಯಾಡ.

ತಿರುಗಿ ಬಂದಾಗ ಆಕಿಯ ಹಾಳಿಯಾಗ ರೂಢಿಯವರು 70, ಹಬ್ಬದವರು 180 ಇದ್ದರು. 70 ಕ್ಕೆ 70, 180 ನ್ನು ಮೂರರಿಂದ ಭಾಗಿಸಿದರೆ 60. ಒಟ್ಟು ತಿಂಗಳಿಗೆ ಸರಾಸರಿ 130 ಸಲ. ಅಂಗಡಿಯ ಗಡಿ 102 ಕ್ಕಿಂತ ಹೆಚ್ಚು, ದುಡಿಯೋಳ ಗಡಿ 210 ಕ್ಕಿಂತ ಬಹಳ ಕಡಿಮೆ. 130 ಮಂದಿಯಿಂದ ಉಳಿಯೋದು 9,373. ಅದರಾಗ 7,321 ಹೋದರೆ ಆಕಿಯ ಕೈಗೆ 2,052. ದಿನಕ್ಕೆ 79 ರೂಪಾಯಿ. ಆಕಿ ಬಹಳ ಹೊತ್ತು ಆ ಅಂಕಿ ನೋಡಿಕೋತ ಕುಂತ್ಲು.

ಸರಾಸರಿ ಅನ್ನೋದೂ ಮೋಸದ್ದು. ಬಾವಿಯ ನೀರು ವರ್ಷಪೂರ್ತಿ ಒಂದೇ ಮಟ್ಟಕ್ಕ ಇರ್ತದೇನು? ಆಷಾಢದಾಗ ಮದುವಿ ಇಲ್ಲ. ಒಣದ್ರಾಕ್ಷಿ ಮಾಡೋ ಹಂಗಾಮಿನಾಗ ನಮ್ಮ ಹೆಣ್ಣುಮಕ್ಕಳು ಹಗಲೆಲ್ಲ ತೋಟ ಮತ್ತು ಶೆಡ್ಡಿನಾಗ ಇರ್ತಾರ, ಸಂಜಿ ಆರರ ಮ್ಯಾಲೇ ಬರಬೇಕು. ಒಂದು ತಿಂಗಳು 60 ಮಂದಿ ಅಷ್ಟೇ ಬಂದರೆಂದು ಹಿಡೀರಿ. ಉಳಿಯೋದು 4,326, ಹೋಗೋದು 7,321. ಸುಮಾರು 3,000 ಕೊರತೆ. ಅಂಥ ಎರಡು ತಿಂಗಳು ಕೂಡಿ ಬಂದರೆ 6,000. ವೈಶಾಖದ ಲಗ್ನದಾಗ 200 ಮಂದಿ ಬಂದು ಸರಿಮಾಡಬಹುದು, ಆದರೆ ಆ ರೊಕ್ಕ ಅಲ್ಲಿಯ ತನಕ ಯಾರು ಮುಟ್ಟದಂಗ ಇಟ್ಟಿರ್ತಾರ?

ಗಡಿ ದೂರ ಇದ್ದಾಗ ಮಾಡೋ ಕೆಲಸ ಎರಡು. ಒಂದು, ಗಿರಾಕಿ ಹೆಚ್ಚಿಸಬೇಕು. ಎರಡು, ಗಡಿಯನ್ನೇ ಹತ್ತಿರ ತರಬೇಕು. ಗಿರಾಕಿ ನಮ್ಮ ಕೈಯಾಗಿಲ್ಲ. ಖರ್ಚು ಅಂಗಡಿ ತೆರೆಯೋ ತನಕ ಮಾತ್ರ ನಮ್ಮ ಕೈಯಾಗ ಇರ್ತದ. ಬಾಡಿಗೆ ಕರಾರು ಮಾಡಿ, ಕುರ್ಚಿ ತಂದು, ಸಾಲಕ್ಕ ಸಹಿ ಹಾಕಿದ ಮ್ಯಾಲ ಅದು ಕೈತಪ್ಪಿತು. ಅದಕ್ಕ ಈ ಲೆಕ್ಕ ಮೊದಲೇ ಮಾಡಬೇಕು ಅಂತ ಹೇಳೋದು.

ಒಂದೊಂದೇ ಬಾಬತ್ತು ಹಿಡಿದು ಕೇಳ್ಕೋತ ಹೋದೆ. ಮಳಿಗೆ ಯಾಕೆ? ಆಕಿಯ ಮನಿಗೆ ಬೀದಿ ಕಡೆ ಒಂದು ಕೋಣಿ ಇತ್ತು, ಜೋಳದ ಚೀಲ ಇಡ್ತಿದ್ರು. ಆದರೆ ಅದರ ಬಾಗಿಲು ಪಡಸಾಲಿಯೊಳಗಿಂದ. ಪಡಸಾಲಿಯಾಗ ಮಾವ ಮತ್ತು ಅವರ ಗೆಳೆಯರು ಕುಂತಿರ್ತಾರ. ಗಂಡಸರ ಮುಂದ ಹಾದು ಯಾವ ಹೆಣ್ಣುಮಗಳು ಹುಬ್ಬು ಮಾಡಿಸಾಕ ಬರ್ತಾಳ? ಬೀದಿಗೆ ಒಂದು ಬ್ಯಾರೆ ಬಾಗಿಲು ಒಡೆಯದಿದ್ದರೆ ಬಾಡಿಗೆ ಉಳಿದೀತು, ಗಿರಾಕಿ ಉಳಿಯೋದಿಲ್ಲ. ಮಾವನವರು ಒಪ್ಪಿದರು. ಬಾಗಿಲು, ಪರದೆ, ಬಣ್ಣ, ಬೋರ್ಡು ಕೂಡಿ 8,000. ಬಾಡಿಗೆ ಇಲ್ಲ, ಡಿಪಾಜಿಟ್ ಇಲ್ಲ. ಕೋಣಿಗೆ ಹೆಸ್ಕಾಂನಿಂದ ಬ್ಯಾರೆ ಮೀಟರ್ ಕೇಳು ಅಂದೆ. ಮನಿ ಮೀಟರಿನ ಮ್ಯಾಲೆ ಅಂಗಡಿ ನಡೆಸಿ ಆಮ್ಯಾಲ ದಂಡ ಕಟ್ಟೋದು ಬ್ಯಾಡ.

ಕುರ್ಚಿ ವಿಜಯಪುರದಾಗ ಬಳಸಿದ್ದು 6,000 ಕ್ಕ ಸಿಗ್ತದ ಅಂತ ಆಕಿನೇ ಹೇಳಿದಳು. ತರುವ ಮೊದಲು ಮ್ಯಾಲೆ ಎತ್ತಿ ಹತ್ತು ನಿಮಿಷ ಕುಂತು ನೋಡಬೇಕಂತ, ತಾನಾಗೇ ಕೆಳಗಿಳಿದರೆ ಪಂಪು ಹೋಗಿದೆ ಅಂತ ಅರ್ಥ. ಇನ್ವರ್ಟರ್ ಮಾತಿನಾಗ ನನಗ ಸ್ವಲ್ಪ ಅನುಭವ ಇತ್ತು. ಕೂದಲ ಒಣಗಿಸುವ ಮಷಿನ್ನು ಸಾವಿರ ವ್ಯಾಟಿನ ಮ್ಯಾಲೆ ಎಳೀತದ, ಸ್ಟೀಮರೂ ಭಾರೀನೇ. 18,000 ದ ಇನ್ವರ್ಟರ್ ಮ್ಯಾಲೆ ಅವು ಸರಿಯಾಗಿ ನಡೆಯೋದಿಲ್ಲ. ನಡೆಯೋದು ದೀಪ ಮತ್ತು ಫ್ಯಾನು. ಹುಬ್ಬಿಗೆ ಬೇಕಾದ್ದು ಬೆಳಕು ಅಷ್ಟೇ. ಅದಕ್ಕ 1,500 ರೂಪಾಯಿಯ ಒಂದು ಚಾರ್ಜಿಂಗ್ ದೀಪ ಸಾಕು. ಫೇಶಿಯಲ್ಲಿಗೆ ಬರೋರಿಗೆ ಕರೆಂಟ್ ಇರೋ ಹೊತ್ತು ಹೇಳಿದರಾತು.

ಹಿಂಗ ತಿದ್ದಿದ ಮ್ಯಾಲ ಅಂಗಡಿಯ ಖರ್ಚು 97,000 ಇದ್ದದ್ದು 53,500 ಕ್ಕ ಬಂತು. ಸ್ವಂತದ್ದು 20,000, ಸಾಲ 50,000. 2015 ರಲ್ಲಿ ಶುರುವಾದ ಮುದ್ರಾ ಯೋಜನೆಯಾಗ 50,000 ದ ತನಕದ್ದು ಶಿಶು ಸಾಲ, ಅದಕ್ಕೆ ಜಾಮೀನಿಗೆ ಆಸ್ತಿ ಕೇಳೋದಿಲ್ಲ. ಎಲ್ಲಾ ಕೊಂಡ ಮ್ಯಾಲೂ ಕೈಯಾಗ 16,500 ಉಳೀತದ. ಅದೇ ಬಡ್ಡಿ, ಅದೇ 36 ತಿಂಗಳು ಹಿಡಿದರೆ ಕಂತು 1,661. ಲೈಟ್ ಮತ್ತು ಫೋನು 700, ಮೇಲಿನ ಖರ್ಚು 600. ಒಟ್ಟು 2,961.

ಈಗ ಗಡಿ ನೋಡ್ರಿ. ಅಂಗಡಿಯ ಗಡಿ 102 ಇದ್ದದ್ದು 42 ಕ್ಕ ಇಳೀತು. ಕೂಲಿ 7,800 ಸೇರಿಸಿದರೆ ದುಡಿಯೋಳ ಗಡಿ 210 ಇದ್ದದ್ದು 150 ಆತು. ಓಣಿಯಾಗ ಎಣಿಸಿದ 130 ಮಂದಿ ಬಂದರೆ ಕೈಗೆ ಉಳಿಯೋದು 6,412, ದಿನಕ್ಕೆ 247. ಆಷಾಢದಾಗ 60 ಮಂದಿ ಬಂದರೂ ಕಂತು ಕಟ್ಟಿ 1,365 ಉಳೀತದ. ಮೊದಲ ಮೂರು ತಿಂಗಳು ಹೆಸರು ಆಗೋ ತನಕ 40 ಮಂದಿ ಬಂದರೂ ಹೆಚ್ಚೂ ಕಡಿಮೆ ಸರಿ ಹೋಗ್ತದ, ಮ್ಯಾಲಾಗಿ ಆ 16,500 ಕೈಯಾಗ ಅದ. ಅದೇ ಹೆಣ್ಣುಮಗಳು, ಅದೇ ಗಿರಾಕಿಗಳು. ಬದಲಾದದ್ದು ತೆರೆಯೋ ಮೊದಲಿನ ಖರ್ಚು ಒಂದೇ.

ಮದುಮಗಳ ಮೇಕಪ್ಪಿನ ಮಾತು ಬರಲಿಲ್ಲ ಅಂತ ನೀವು ಅಂದುಕೊಳ್ತಿರಬಹುದು. ಬೇಕಂತಲೇ ಬಿಟ್ಟೆ. ಒಂದು ಮೇಕಪ್ಪಿಗೆ 4,000 ತಗೊಂಡರೆ ಸಾಮಾನು, ಸಹಾಯಕ್ಕ ಒಬ್ಬಾಕಿ, ಗಾಡಿ ಬಾಡಿಗಿ ಕೂಡಿ 1,600 ಹೋಗಿ 2,400 ಉಳೀತದ. ವರ್ಷಕ್ಕ ಹತ್ತು ಸಿಕ್ಕರೆ 24,000. ಚಲೋ ರೊಕ್ಕ. ಆದರೆ ಅದು ಮಳಿ ಇದ್ದಂಗ. ಮೊದಲ ವರ್ಷ ಹತ್ತು ಸಿಗ್ತಾವೋ ಎರಡು ಸಿಗ್ತಾವೋ ಯಾರಿಗೆ ಗೊತ್ತು? ಎಲ್ಲಾ ಲಗ್ನ ಒಂದೇ ಮುಹೂರ್ತಕ್ಕ ಬಂದರೆ ಒಂದು ದಿನಕ್ಕ ಎರಡು ಮನಿಗೆ ಹೋಗಲಿಕ್ಕಾಗೋದಿಲ್ಲ, ಆ ದಿನ ಅಂಗಡಿ ಬಾಗಿಲೂ ಮುಚ್ಚಿರ್ತದ. ಅದಕ್ಕ ಗಡಿಯ ಲೆಕ್ಕದಾಗ ಅದನ್ನ ಸೇರಿಸಬ್ಯಾಡ, ಬಂದರೆ ಆಷಾಢಕ್ಕ ಅಂತ ಬ್ಯಾರೆ ಇಡು ಅಂದೆ. ನಮ್ಮ ಸಂಘದಾಗ ಉಳಿತಾಯ ಖಾತೆ ತೆಗೆದು ಅದರಾಗ ಹಾಕಿದರೂ ಆತು. (ಇದು ನಿರ್ದೇಶಕನ ಸ್ವಾರ್ಥದ ಮಾತು ಅಂತ ತಿಳಕೊಂಡರೂ ನಡೀತದ.)

ಇನ್ನು ಅಂಗಡಿ ತೆರೆದ ಮ್ಯಾಲ ಈ ಲೆಕ್ಕ ಕೆಡಿಸೋ ಸಂಗತಿಗಳು. ನಾನು ಎರಡೇ ಹೇಳ್ತೀನಿ.

ಒಂದು ಉದ್ರಿ. "ಶನಿವಾರ ಕೊಡ್ತೀನಿ, ಬರಕೋ" ಅನ್ನೋದು ನಮ್ಮೂರ ಪದ್ಧತಿ. ಹತ್ತು ಮಂದಿಯಾಗ ಒಬ್ಬಾಕಿಯ ರೊಕ್ಕ ಮುಳುಗಿತು ಅಂತ ಹಿಡೀರಿ. ಹತ್ತರಾಗ ಒಂದು ಅಂದರೆ ಸಣ್ಣದು ಅನಿಸ್ತದ. ಆದರೆ ಸಾಮಾನು ಖರ್ಚಾಗಿರ್ತದ, ದಾರ ಸವೆದಿರ್ತದ, ಬಂದಿಲ್ಲದ್ದು ಪೂರಾ 92 ರೂಪಾಯಿ. ಆಗ ಒಬ್ಬರಿಗೆ ಉಳಿಯೋದು 72 ಅಲ್ಲ, 62 ರೂಪಾಯಿ 90 ಪೈಸೆ. 150 ರ ಗಡಿ 172 ಕ್ಕ ಹೋಗ್ತದ. ಅಂದರೆ ಮುಳುಗಿದ ಉದ್ರಿ ತುಂಬಲಿಕ್ಕೆ ಪ್ರತಿ ತಿಂಗಳು 22 ಮಂದಿ ಹೆಚ್ಚು ಬರಬೇಕು. ನಾದಿನಿ, ಓರಗಿತ್ತಿ, ಅತ್ತಿಯ ತಂಗಿ ಇವರಿಗೆ ಪುಕ್ಕಟೆ ಮಾಡೋದೂ ಇದರಾಗೇ ಬರ್ತದ. ಮಾಡಬ್ಯಾಡ ಅನ್ನಲಿಕ್ಕಾಗೋದಿಲ್ಲ, ಸಂಸಾರ ನಡೀಬೇಕು. ಆದರೆ ಅವರ ತಲಿ ಎಣಿಸೋ ಪುಸ್ತಕದಾಗ ಬರಬಾರದು.

ಎರಡನೇದು ಸಾಮಾನು ಹಾಳಾಗೋದು. ಇದನ್ನ ಆಕಿನೇ ನನಗ ತಿಳಿಸಿಕೊಟ್ಟಳು. ಫೇಶಿಯಲ್ ಕಿಟ್ಟು 700 ರೂಪಾಯಿಗೆ ತಂದರೆ ಐದು ಮಂದಿಗೆ ಬರ್ತದ, ಒಬ್ಬರಿಗೆ 140. ಪ್ಯಾಟಿಯಾಗ ಐದು ಮಂದಿ ಎರಡು ದಿನಕ್ಕ ಬರ್ತಾರ. ಹಳ್ಳಿಯಾಗ ವಾರಕ್ಕೊಬ್ಬರು ಬಂದರೆ ತೆರೆದಿಟ್ಟ ಡಬ್ಬಿ ಒಣಗ್ತದ, ಬಣ್ಣ ತಿರುಗ್ತದ. ಮೂರು ಮಂದಿಗೆ ಮಾಡಿ ಉಳಿದದ್ದು ಚೆಲ್ಲಿದರೆ ಒಬ್ಬರಿಗೆ 233 ಬಿತ್ತು, ಉಳಿಯೋದು 260 ಅಲ್ಲ, 167. ಕೆಟ್ಟದ್ದನ್ನ ಚೆಲ್ಲಾಕ ಮನಸ್ಸಾಗದೇ ಹಚ್ಚಿದರೆ ಮಾರಿ ಮ್ಯಾಲೆ ಗುಳ್ಳಿ ಎದ್ದಾವು, ಆ ಸುದ್ದಿ ಸಂಜೀಗೆ ಊರು ತುಂಬ. ಅದಕ್ಕ ಮೊದಲ ಆರು ತಿಂಗಳು ಒಬ್ಬರಿಗಾಗೋ ಸಣ್ಣ ಪ್ಯಾಕೆಟ್ಟು ತರೋದು ಚಲೋ. ಒಂದಕ್ಕ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಬಿದ್ದರೂ ಚೆಲ್ಲೋದು ಇಲ್ಲ. ತರುವಾಗ ತಾರೀಖು ನೋಡಬೇಕು. ಕಡಿಮೆ ರೇಟಿಗೆ ಕೊಡ್ತೀನಿ ಅನ್ನೋ ಅಂಗಡಿಯವನ ಡಬ್ಬಿ ಮ್ಯಾಲೆ ಬಹಳ ಸಲ ಎರಡು ತಿಂಗಳೇ ಉಳಿದಿರ್ತದ.

ಪುಸ್ತಕ ಹ್ಯಾಂಗ ಇಡಬೇಕು ಅಂತ ಕೇಳಿದಳು. ದೊಡ್ಡ ಲೆಕ್ಕ ಬೇಕಾಗಿಲ್ಲ. ನೂರು ಪುಟದ ನೋಟಬುಕ್ಕಿನಾಗ ದಿನಕ್ಕ ಒಂದು ಗೆರಿ. ತಾರೀಖು, ರೊಕ್ಕ ಕೊಟ್ಟ ತಲಿ ಎಷ್ಟು, ಗಲ್ಲೆಗೆ ಬಂದದ್ದು ಎಷ್ಟು, ಸಾಮಾನಿಗೆ ಹೋದದ್ದು ಎಷ್ಟು. ಪ್ರತಿ ತಿಂಗಳು 10 ನೇ ತಾರೀಖಿಗೆ ತಲಿ ಕೂಡಿಸಬೇಕು. 150 ರ ಗಡಿಗೆ 10 ನೇ ತಾರೀಖಿನ ಒಳಗ 50 ಆಗಿರಬೇಕು. 14 ಕ್ಕಿಂತ ಕಡಿಮೆ ಇದ್ದರೆ ಆ ತಿಂಗಳು ಕಂತಿಗೂ ಸಾಲದು, ಇನ್ನೂ 20 ದಿನ ಕೈಯಾಗ ಇರುವಾಗಲೇ ಗೊತ್ತಾಗ್ತದ. ತಿಂಗಳ ಕೊನೆಗೆ ನೋಡಿದರೆ ಅಳೋದೊಂದೇ ಉಳೀತದ.

ಮೂರು ತಿಂಗಳಿಗೊಮ್ಮೆ ಇನ್ನೊಂದು ನೋಡಬೇಕು. ಬಂದ ರೊಕ್ಕದಾಗ ಸಾಮಾನಿನ ಖರ್ಚು ಕಳೆದು ತಲಿಯಿಂದ ಭಾಗಿಸಿದರೆ ಇನ್ನೂ 72 ಬರ್ತದೋ ಇಲ್ಲೋ? ಮೊದಲಿನ ದಿನಗಳಲ್ಲಿ ಬರೇ ಹುಬ್ಬಿನವರೇ ಬರೋದು ಹೆಚ್ಚು. ಆಗ ಒಬ್ಬರಿಗೆ 37 ರ ಹತ್ತಿರ ಇರ್ತದ. 37 ರಿಂದ ಭಾಗಿಸಿದರೆ 150 ರ ಗಡಿ 291 ಆಗ್ತದ, ನಮ್ಮ ಎಣಿಕೆಯಾಗ ಅಷ್ಟು ಮಂದಿನೇ ಇಲ್ಲ. ಅಂಗಡಿ ತುಂಬ ಮಂದಿ ಅದಾರ, ಗಲ್ಲಾ ಯಾಕ ಖಾಲಿ ಅಂತ ತಲಿ ಕೆಡಿಸಿಕೊಳ್ಳೋರಿಗೆ ಕಾರಣ ಬಹಳ ಮಟ್ಟಿಗೆ ಇಲ್ಲೇ ಇರ್ತದ. ಗಿರಾಕಿ ಕಡಿಮೆ ಅಲ್ಲ, 40 ರೂಪಾಯಿಯ ಗಿರಾಕಿ ಹೆಚ್ಚು. ಆಗ ರೇಟು ಇಳಿಸಿ ಇನ್ನಷ್ಟು ಮಂದಿ ಕರೆಯೋದು ಉಪಾಯ ಅಲ್ಲ. ಹುಬ್ಬಿಗೆ ಬಂದಾಕಿಗೆ ಕೂದಲ ತುದಿ ಸೀಳ್ಯಾವ, ಕತ್ತರಿಸಲೇನು ಅಂತ ಕೇಳೋದು ಉಪಾಯ. ಹತ್ತರಾಗ ಒಬ್ಬಾಕಿ ಹೂಂ ಅಂದರೂ ಅಂಕಿ ಏರ್ತದ.

ಆಕಿ ಒಂದು ಲಕ್ಷದ ಅರ್ಜಿ ವಾಪಸ್ ತಗೊಂಡು 50,000 ಕ್ಕ ಬರೆದು ಕೊಟ್ಟಾಳ. ವರದಿಯ ಕಡೆಯ ಪುಟದಾಗ ಈ ಸಲ ಶೇಕಡಾ ಅಲ್ಲ, 42 ಮತ್ತು 150 ಅಂತ ತಾನೇ ಕೈಯಿಂದ ಬರದಾಳ. ಬೀದಿ ಕಡೆ ಬಾಗಿಲು ಒಡೆಯೋ ಕೆಲಸ ನಡದದ. ಜೋಳದ ಚೀಲ ಎಲ್ಲಿ ಇಡಬೇಕು ಅನ್ನೋದು ಮಾತ್ರ ಆ ಮನ್ಯಾಗ ಇನ್ನೂ ತೀರ್ಮಾನ ಆಗಿಲ್ಲ ಅಂತ ಮೊನ್ನೆ ಆಕಿಯ ಮಾವ ಸಿಕ್ಕಾಗ ಹೇಳಿದರು.

ನಿಮ್ಮಾಗ ಯಾರಿಗಾದರೂ ಹೊಲಿಗೆ ಅಂಗಡಿಯೋ, ರೊಟ್ಟಿ ಕೇಂದ್ರವೋ, ಪಾರ್ಲರೋ ಹಾಕೋ ವಿಚಾರ ಇದ್ದರೆ ಸಾಲದ ಅರ್ಜಿಗೆ ಸಹಿ ಹಾಕುವ ಮೊದಲು ಹಾಳಿ-ಪೆನ್ನು ತಗೊಂಡು ಸಂಘದ ಕಚೇರಿಗೆ ಬರ್ರಿ. ಓಣಿಯಾಗ ಎಣಿಸಿದ ಪಟ್ಟಿ ಮಾತ್ರ ಸಂಗಡ ತರಬೇಕು.